ಉದ್ದ ಸರಿದೂಗುವ ಮಾತೃಕೆಗಳು

ಮೂವರು ಹುಡುಗಿಯರು ದುಂಡಗೆ ಕೂತಿದ್ದಾರೆ ಎಂದುಕೊಳ್ಳಿ. ಪ್ರತಿಯೊಬ್ಬಳ ಕೈಯಲ್ಲೂ ಒಂದು ಚೀಟಿ, ಚೀಟಿಯಲ್ಲೊಂದು ಸಂಖ್ಯೆ. ಆಟದ ನಿಯಮ ಒಂದೇ. ಸುತ್ತು ಮುಗಿದಾಗಲೆಲ್ಲ ಪ್ರತಿಯೊಬ್ಬಳೂ ತನ್ನ ಸಂಖ್ಯೆಗೆ ಬಲಪಕ್ಕದವಳ ಸಂಖ್ಯೆಯನ್ನು ಕೂಡಿಸಿ ಹೊಸ ಚೀಟಿ ಬರೆಯಬೇಕು. ಮೊದಲನೆಯವಳು ಎರಡನೆಯವಳದನ್ನು ತೆಗೆದುಕೊಳ್ಳುತ್ತಾಳೆ, ಎರಡನೆಯವಳು ಮೂರನೆಯವಳದನ್ನು, ಮೂರನೆಯವಳು ಮತ್ತೆ ಮೊದಲನೆಯವಳದನ್ನು. ಆರಂಭದಲ್ಲಿ ಚೀಟಿಗಳು 1, 0, 0. ಒಂದು ಸುತ್ತಿನ ನಂತರ 1, 0, 1. ಆಮೇಲೆ 1, 1, 2. ಮುಂದೆ 2, 3, 3. ಹೀಗೇ 5, 6, 5 ಆಗಿ, 11, 11, 10 ಆಗಿ, ಆರನೆಯ ಸುತ್ತಿಗೆ 22, 21, 21 ಆಗುತ್ತದೆ.

ಈ ಪಟ್ಟಿಯಲ್ಲಿ ಎರಡು ಸಂಗತಿಗಳು ಕಾಣುತ್ತವೆ. ಮೊದಲನೆಯದು ಸುಲಭ: ಮೂವರ ಒಟ್ಟು ಮೊತ್ತ ಪ್ರತಿ ಸುತ್ತಿಗೂ ಇಮ್ಮಡಿಯಾಗುತ್ತದೆ, 1, 2, 4, 8, 16, 32, 64. ಎರಡನೆಯದಕ್ಕೆ ಸ್ವಲ್ಪ ಕಣ್ಣರಳಿಸಿ ನೋಡಬೇಕು. ಮೊತ್ತ ಎಷ್ಟೇ ಬೆಳೆದರೂ ಮೂವರ ನಡುವಿನ ಅಂತರ ಬೆಳೆಯುವುದೇ ಇಲ್ಲ. ಪ್ರತಿಯೊಬ್ಬಳೂ ಸರಾಸರಿಯಿಂದ ಎಷ್ಟು ದೂರ ಇದ್ದಾಳೆ ಎಂದು ಲೆಕ್ಕ ಹಾಕೋಣ. ಭಿನ್ನರಾಶಿ ತಪ್ಪಿಸಲು ಅದನ್ನು ಮೂರರಿಂದ ಗುಣಿಸಿ ಬರೆದರೆ ಆರಂಭದಲ್ಲಿ 2, −1, −1 ಸಿಗುತ್ತದೆ. ಮುಂದಿನ ಸುತ್ತುಗಳಲ್ಲಿ 1, −2, 1. ಆಮೇಲೆ −1, −1, 2. ಮೂರನೆಯದರಲ್ಲಿ −2, 1, 1. ಆರಂಭದಲ್ಲಿದ್ದದ್ದೇ ಚಿಹ್ನೆ ಬದಲಿಸಿಕೊಂಡು ನಿಂತಿದೆ. ಇನ್ನು ಮೂರು ಸುತ್ತು ಕಳೆದರೆ ಮತ್ತೆ 2, −1, −1. ಆರು ಸುತ್ತಿಗೊಮ್ಮೆ ಅಂತರಗಳು ಮರಳಿ ಮೊದಲಿನ ಜಾಗಕ್ಕೇ ಬರುತ್ತವೆ. ಪ್ರತಿ ಹಂತದಲ್ಲೂ ಆ ಮೂರು ಸಂಖ್ಯೆಗಳ ವರ್ಗಗಳ ಮೊತ್ತ ಆರೇ.

ಇಷ್ಟು ಅಚ್ಚುಕಟ್ಟಾದ ನಡವಳಿಕೆ ಎಲ್ಲಿಂದ ಬಂತು? ಉತ್ತರ ಈ ಆಟದ ಹಿಂದಿರುವ ಮಾತೃಕೆಯಲ್ಲಿದೆ. ಆಟದ ನಿಯಮವನ್ನು ಸಂಖ್ಯೆಗಳ ಚೌಕವಾಗಿ ಬರೆದರೆ ಹೀಗಿರುತ್ತದೆ:

```
A =  1 1 0
     0 1 1
     1 0 1
```

ಮಾತೃಕೆಯ ಒಂದೊಂದು ಅಡ್ಡಸಾಲು ಒಬ್ಬೊಬ್ಬಳ ಆದಾಯದ ಲೆಕ್ಕ. ಮೊದಲ ಅಡ್ಡಸಾಲು 1, 1, 0 ಎಂದರೆ ಮೊದಲನೆಯವಳು ತನ್ನದನ್ನೂ ಎರಡನೆಯವಳದನ್ನೂ ತೆಗೆದುಕೊಂಡು ಮೂರನೆಯವಳದನ್ನು ಬಿಡುತ್ತಾಳೆ ಎಂದರ್ಥ. ಕಂಬಸಾಲು ಇದಕ್ಕೆ ತದ್ವಿರುದ್ಧ. ಅದು ಅವಳ ಸಂಖ್ಯೆ ಯಾರ್ಯಾರಿಗೆ ಹೋಗುತ್ತದೆ ಎಂಬ ಲೆಕ್ಕ. ಮೊದಲ ಕಂಬಸಾಲು 1, 0, 1. ಮೊದಲನೆಯವಳ ಸಂಖ್ಯೆ ಅವಳಿಗೂ ಮೂರನೆಯವಳಿಗೂ ಸಲ್ಲುತ್ತದೆ. ಒಳಬರುವುದು ಅಡ್ಡಸಾಲು, ಹೊರಹೋಗುವುದು ಕಂಬಸಾಲು. ಈ ಒಂದು ಮಾತು ನೆನಪಿದ್ದರೆ ಮುಂದಿನದೆಲ್ಲ ಹಿಡಿತಕ್ಕೆ ಬರುತ್ತದೆ.

ಅಡ್ಡಸಾಲುಗಳನ್ನು ಕಂಬಸಾಲುಗಳನ್ನಾಗಿ ತಿರುಗಿಸಿ ಬರೆದರೆ ಟ್ರಾನ್ಸ್‌ಪೋಸ್ ಸಿಗುತ್ತದೆ. ನಮ್ಮ ಆಟದಲ್ಲಿ ಇದರ ಅರ್ಥ, ಬಲಪಕ್ಕದವಳ ಬದಲು ಎಡಪಕ್ಕದವಳಿಂದ ತೆಗೆದುಕೊಳ್ಳುವುದು. ಮಾತೃಕೆಯಲ್ಲಿ ಸಂಮಿಶ್ರ ಸಂಖ್ಯೆಗಳಿದ್ದರೆ, ಅಂದರೆ −1ರ ವರ್ಗಮೂಲವಾದ i ಸೇರಿದ ಸಂಖ್ಯೆಗಳಿದ್ದರೆ, ತಿರುಗಿಸುವುದರ ಜೊತೆಗೆ ಪ್ರತಿ i ಇರುವಲ್ಲೂ −i ಬರೆಯಬೇಕು. ಹೀಗೆ ಬರುವುದನ್ನು ಕಾಂಜುಗೇಟ್ ಟ್ರಾನ್ಸ್‌ಪೋಸ್ ಎನ್ನುತ್ತಾರೆ, A* ಎಂದು ಬರೆಯುತ್ತಾರೆ. ಮಾತೃಕೆಯೂ ಅದರ ಕಾಂಜುಗೇಟ್ ಟ್ರಾನ್ಸ್‌ಪೋಸೂ ಯಾವ ಕ್ರಮದಲ್ಲಿ ಗುಣಿಸಿದರೂ ಒಂದೇ ಉತ್ತರ ಕೊಟ್ಟರೆ, ಅಂದರೆ A A* = A* A ಆದರೆ, ಆ ಮಾತೃಕೆಗೆ ನಾರ್ಮಲ್ ಎಂದು ಹೆಸರು. ಈ ಹೆಸರನ್ನು ಕೊಟ್ಟವನು ಆಟೊ ಟೊಪ್ಲಿಟ್ಸ್ ಎಂಬ ಜರ್ಮನ್ ಗಣಿತಜ್ಞ, 1918ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ.

ನಮ್ಮ ಉಂಗುರದ ಆಟ ನಾರ್ಮಲ್ ಎಂಬುದಕ್ಕೆ ದೊಡ್ಡ ಲೆಕ್ಕ ಬೇಡ. ಮೊದಲು ಬಲಕ್ಕೆ ನೋಡಿ ಆಮೇಲೆ ಎಡಕ್ಕೆ ನೋಡಿದರೂ, ಮೊದಲು ಎಡಕ್ಕೆ ನೋಡಿ ಆಮೇಲೆ ಬಲಕ್ಕೆ ನೋಡಿದರೂ ದುಂಡಗೆ ಕೂತವರಿಗೆ ಸಿಗುವುದು ಒಂದೇ. ಕೈಯಾರೆ ಗುಣಿಸಿ ನೋಡಬೇಕೆಂದರೆ ಎರಡೂ ಕ್ರಮದಲ್ಲಿ ಕರ್ಣದ ಮೇಲೆ 2, ಉಳಿದ ಕಡೆಯೆಲ್ಲ 1 ಬರುತ್ತದೆ. ಈ ಮಾತೃಕೆ ಸಮ್ಮಿತವಲ್ಲ, ಉದ್ದವನ್ನು ಕಾಪಾಡುವ ಬರೀ ತಿರುಗಣೆಯೂ ಅಲ್ಲ. ಹಾಗಿದ್ದೂ ನಾರ್ಮಲ್.

A A* = A* A ಎಂಬ ಸೂತ್ರವನ್ನು ಪಠ್ಯಪುಸ್ತಕದಲ್ಲಿ ಓದಿದವರಿಗೆ ಅದು ಸುಮ್ಮನೆ ಹೇರಿದ ಷರತ್ತಿನ ಹಾಗೆ ಕಾಣುವುದುಂಟು. ಅದರೊಳಗಿನ ಅರ್ಥ ಬಿಡಿಸಿಕೊಳ್ಳಲು ಎರಡೂ ಕಡೆಯ ಗುಣಲಬ್ಧದ ಕರ್ಣವನ್ನು ನೋಡಿದರೆ ಸಾಕು. A A*ನ ಕರ್ಣದ ಮೇಲಿನ ಮೊದಲ ಸಂಖ್ಯೆ ಮೊದಲ ಅಡ್ಡಸಾಲಿನ ಸಂಖ್ಯೆಗಳ ವರ್ಗಗಳ ಮೊತ್ತ. ಪೈಥಾಗೊರಸ್ ಹೇಳಿದ ರೀತಿಯಲ್ಲಿ ಅದು ಆ ಸಾಲಿನ ಉದ್ದದ ವರ್ಗ. A* Aದಲ್ಲಿ ಅದೇ ಜಾಗದಲ್ಲಿರುವುದು ಮೊದಲ ಕಂಬಸಾಲಿನ ಉದ್ದದ ವರ್ಗ. ಎರಡೂ ಸಮ ಎಂದರೆ ಮೊದಲ ಅಡ್ಡಸಾಲಿಗೂ ಮೊದಲ ಕಂಬಸಾಲಿಗೂ ಒಂದೇ ಉದ್ದ. ಎರಡನೆಯದಕ್ಕೂ ಹಾಗೆಯೇ, ಮೂರನೆಯದಕ್ಕೂ ಹಾಗೆಯೇ. ಒಬ್ಬೊಬ್ಬಳಿಗೂ ಒಳಬರುವುದರ ಅಳತೆಯೂ ಹೊರಹೋಗುವುದರ ಅಳತೆಯೂ ಸರಿಸಮ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕಣ್ಣೆದುರಿನ ಸಾಲುಗಳ ಉದ್ದ ಹೊಂದಿಕೊಂಡ ಮಾತ್ರಕ್ಕೆ ಮಾತೃಕೆ ನಾರ್ಮಲ್ ಆಗಿಬಿಡುವುದಿಲ್ಲ. ಮೇಲಿನ ಸಾಲು 1, −1, ಕೆಳಗಿನ ಸಾಲು 1, 2 ಇರುವ ಮಾತೃಕೆಯನ್ನು ತೆಗೆದುಕೊಳ್ಳಿ. ಅಡ್ಡಸಾಲುಗಳ ಉದ್ದದ ವರ್ಗ 2 ಮತ್ತು 5, ಕಂಬಸಾಲುಗಳದ್ದೂ 2 ಮತ್ತು 5. ಆದರೆ ಗುಣಿಸಿ ನೋಡಿದರೆ ಕರ್ಣದ ಆಚೆ ಒಂದು ಕ್ರಮದಲ್ಲಿ −1, ಇನ್ನೊಂದರಲ್ಲಿ 1. ನಾರ್ಮಲ್ ಅಲ್ಲ. ನಾರ್ಮಲ್ ಮಾತೃಕೆಯ ಗುಣ ಇನ್ನೂ ಗಟ್ಟಿಯಾದದ್ದು: ಅಕ್ಷಗಳನ್ನು ಹೇಗೆ ತಿರುಗಿಸಿ ನೋಡಿದರೂ, ಅವು ಪರಸ್ಪರ ಲಂಬವಾಗಿರುವವರೆಗೆ, ಈ ಉದ್ದಗಳು ಸರಿದೂಗುತ್ತಲೇ ಇರಬೇಕು. ಮುಂದೆ ಬರುವ ಪ್ರಮೇಯದ ಜೀವ ಇರುವುದು ಈ ಮಾತಿನಲ್ಲೇ.

ಈಗ ಆಟಕ್ಕೆ ಮರಳೋಣ. ಮೂವರ ಚೀಟಿಯಲ್ಲೂ ಒಂದೇ ಸಂಖ್ಯೆ ಇದ್ದರೆ, ಉದಾಹರಣೆಗೆ 1, 1, 1, ಒಂದು ಸುತ್ತಿನ ನಂತರ 2, 2, 2 ಆಗುತ್ತದೆ. ದಿಕ್ಕು ಬದಲಾಗಲಿಲ್ಲ, ಅಳತೆ ಮಾತ್ರ ಇಮ್ಮಡಿಯಾಯಿತು. ಹೀಗೆ ದಿಕ್ಕು ಕೆಡದೆ ಉಳಿಯುವ ಸದಿಶಕ್ಕೆ ಐಗನ್ ಸದಿಶ, ಅದು ಎಷ್ಟು ಪಟ್ಟಾಗುತ್ತದೋ ಆ ಸಂಖ್ಯೆಗೆ ಐಗನ್ ಬೆಲೆ ಎಂದು ಹೆಸರು. ಉಳಿದ ಎರಡು ಐಗನ್ ಸದಿಶಗಳು ವಾಸ್ತವ ಸಂಖ್ಯೆಗಳಲ್ಲಿ ಸಿಗುವುದಿಲ್ಲ. ಅವಕ್ಕೆ 1ರ ಘನಮೂಲ ಬೇಕು. ಮೂರು ಸಲ ಗುಣಿಸಿದರೆ 1 ಆಗುವ, ಆದರೆ ತಾನು 1 ಅಲ್ಲದ ಸಂಮಿಶ್ರ ಸಂಖ್ಯೆಯನ್ನು ω ಎನ್ನೋಣ. ಸಮತಲದ ಮೇಲೆ ಅದು 1ರಿಂದ 120 ಡಿಗ್ರಿ ತಿರುಗಿದ ಬಿಂದು. ಈಗ ಚೀಟಿಗಳಲ್ಲಿ 1, ω, ω² ಎಂದು ಬರೆದರೆ ಸುತ್ತಿನ ನಂತರ 1+ω, ω+ω², ω²+1 ಆಗುತ್ತದೆ. ಇದು ಮೊದಲಿನದರ 1+ω ಪಟ್ಟು. ಇದೇ ರೀತಿ 1, ω², ω ಎಂಬುದು 1+ω² ಪಟ್ಟಾಗುತ್ತದೆ. ಮೂರು ಐಗನ್ ಬೆಲೆಗಳು ಸಿಕ್ಕವು: 2, 1+ω, 1+ω².

1+ω ಎಂಬ ಸಂಖ್ಯೆಯ ಉದ್ದ ಸರಿಯಾಗಿ 1, ಅದರ ಕೋನ 60 ಡಿಗ್ರಿ. ಅದರಿಂದ ಗುಣಿಸುವುದೆಂದರೆ ಹಿಗ್ಗಿಸದೆ, ಕುಗ್ಗಿಸದೆ 60 ಡಿಗ್ರಿ ತಿರುಗಿಸುವುದು. 1+ω²ದಿಂದ ಗುಣಿಸಿದರೆ ಅಷ್ಟೇ ಡಿಗ್ರಿ ಎದುರು ದಿಕ್ಕಿಗೆ. ಆರು ಸಲ 60 ಎಂದರೆ 360, ಒಂದು ಪೂರ್ತಿ ಸುತ್ತು. ಹುಡುಗಿಯರ ಅಂತರಗಳು ಆರು ಸುತ್ತಿಗೊಮ್ಮೆ ಮರಳಿ ಬಂದದ್ದು ಇದಕ್ಕೇ. ಇಮ್ಮಡಿಯಾಗುತ್ತಿದ್ದ ಮೊತ್ತ 2 ಎಂಬ ಐಗನ್ ಬೆಲೆಯ ಕೆಲಸ, ಬೆಳೆಯದೆ ತಿರುಗುತ್ತಿದ್ದ ಅಂತರ ಉಳಿದೆರಡರ ಕೆಲಸ. ಮೂರೂ ಒಂದರ ಕೆಲಸಕ್ಕೆ ಇನ್ನೊಂದು ಅಡ್ಡ ಬರದೆ ನಡೆಯುತ್ತಿವೆ.

ಅಡ್ಡ ಬರದೆ ಇರಲು ಕಾರಣ, ಮೂರು ಐಗನ್ ಸದಿಶಗಳೂ ಒಂದಕ್ಕೊಂದು ಲಂಬ. ಎರಡು ಸದಿಶಗಳು ಲಂಬವೇ ಎಂದು ನೋಡಲು ಎದುರುಬದುರಿನ ಸಂಖ್ಯೆಗಳನ್ನು ಗುಣಿಸಿ ಕೂಡುತ್ತೇವೆ. ಸೊನ್ನೆ ಬಂದರೆ ಲಂಬ. 1, 1, 1ಕ್ಕೂ 1, ω, ω²ಕ್ಕೂ ಇದನ್ನು ಮಾಡಿದರೆ 1+ω+ω² ಸಿಗುತ್ತದೆ, ಅದು ಸೊನ್ನೆಯೇ. ಆದರೆ ಇದೇ ಲೆಕ್ಕವನ್ನು 1, ω, ω²ಕ್ಕೆ ತನ್ನೊಡನೆಯೇ ಮಾಡಿದರೆ 1+ω²+ω⁴ ಬರುತ್ತದೆ, ಅದೂ ಸೊನ್ನೆ! ಇರುವ ಸದಿಶಕ್ಕೆ ಉದ್ದವೇ ಇಲ್ಲ ಎಂದಂತಾಯಿತು. ಕಾಂಜುಗೇಟ್ ಬೇಕಾಗುವುದು ಈ ಕಾರಣಕ್ಕೆ. ಒಂದು ಸದಿಶದಲ್ಲಿ iಯನ್ನು −i ಮಾಡಿ ಗುಣಿಸಿದರೆ ω ಇದ್ದಲ್ಲಿ ω² ಬರುತ್ತದೆ, ಪ್ರತಿ ಗುಣಲಬ್ಧವೂ 1 ಆಗಿ ಮೊತ್ತ 3 ಸಿಗುತ್ತದೆ. ಉದ್ದ √3. ಸರಿಯಾದ ಉತ್ತರ.

ಸಂಮಿಶ್ರ ಸಂಖ್ಯೆಗಳ ಲೋಕದಲ್ಲಿ ಕಾಂಜುಗೇಟ್ ಮರೆತು ಬರೀ ಟ್ರಾನ್ಸ್‌ಪೋಸ್ ಬಳಸಿದರೆ ಲೆಕ್ಕ ಪೂರ್ತಿ ದಾರಿ ತಪ್ಪುತ್ತದೆ. ಮೇಲಿನ ಸಾಲು 1, i, ಕೆಳಗಿನ ಸಾಲು i, −1 ಇರುವ ಮಾತೃಕೆ ನೋಡಲು ಸಮ್ಮಿತವಾಗಿದೆ. ಆದರೆ ಅದನ್ನು ಅದರಿಂದಲೇ ಗುಣಿಸಿದರೆ ಎಲ್ಲವೂ ಸೊನ್ನೆ. ನಾರ್ಮಲ್ ಮಾತೃಕೆ ಎಂದೂ ಹೀಗೆ ಮಾಡುವುದಿಲ್ಲ, ತಾನೇ ಸೊನ್ನೆಯಾಗಿದ್ದರೆ ಮಾತ್ರ.

ಐಗನ್ ಸದಿಶಗಳನ್ನು √3ರಿಂದ ಭಾಗಿಸಿ, ಉದ್ದ 1 ಮಾಡಿ, ಮೂರು ಕಂಬಸಾಲುಗಳಾಗಿ ನಿಲ್ಲಿಸಿದರೆ U ಎಂಬ ಮಾತೃಕೆ ಸಿಗುತ್ತದೆ. ಕಂಬಸಾಲುಗಳೆಲ್ಲ ಪರಸ್ಪರ ಲಂಬ, ಎಲ್ಲದರ ಉದ್ದ 1. ಇಂಥ ಮಾತೃಕೆಗೆ ಯೂನಿಟರಿ ಎಂದು ಹೆಸರು. ಅದು ಯಾವ ಸದಿಶದ ಉದ್ದವನ್ನೂ ಬದಲಿಸುವುದಿಲ್ಲ, ನಾವು ನೋಡುವ ಅಕ್ಷಗಳನ್ನು ಮಾತ್ರ ತಿರುಗಿಸುತ್ತದೆ. ತಿರುಗಿದ ಅಕ್ಷಗಳಿಂದ ನೋಡಿದಾಗ ನಮ್ಮ ಮಾತೃಕೆ U*AU ಆಗುತ್ತದೆ. ಅದರ ಕರ್ಣದ ಮೇಲೆ 2, 1+ω, 1+ω² ಇರುತ್ತವೆ, ಉಳಿದೆಡೆಯೆಲ್ಲ ಸೊನ್ನೆ. ಯೂನಿಟರಿಯಾಗಿ ಕರ್ಣರೂಪಕ್ಕೆ ತರುವುದು ಎಂದರೆ ಇದೇ.

ಪ್ರಮೇಯ ಹೇಳುವುದು ಇಷ್ಟು: ಯಾವ ಚೌಕ ಮಾತೃಕೆ ನಾರ್ಮಲ್ಲೋ ಅದನ್ನು ಯೂನಿಟರಿಯಾಗಿ ಕರ್ಣರೂಪಕ್ಕೆ ತರಬಹುದು, ನಾರ್ಮಲ್ ಅಲ್ಲದ ಯಾವುದನ್ನೂ ಹಾಗೆ ತರಲಾಗದು. ಕಾರಣವನ್ನು ಪೂರ್ತಿ ಹೇಳಲು ಎರಡು ಹೆಜ್ಜೆ ಸಾಕು.

ಮೊದಲ ಹೆಜ್ಜೆ ಬರ್ಲಿನ್‌ನ ಇಸಾಯಿ ಶೂರ್ 1909ರಲ್ಲಿ ತೋರಿಸಿಕೊಟ್ಟದ್ದು. ನಾರ್ಮಲ್ ಆಗಿರಲಿ, ಇಲ್ಲದಿರಲಿ, ಯಾವ ಚೌಕ ಮಾತೃಕೆಯನ್ನಾದರೂ ಅಕ್ಷಗಳನ್ನು ಯೂನಿಟರಿಯಾಗಿ ತಿರುಗಿಸಿ ತ್ರಿಕೋನ ರೂಪಕ್ಕೆ ತರಬಹುದು; ಕರ್ಣದ ಕೆಳಗೆಲ್ಲ ಸೊನ್ನೆ ಬರುವಂತೆ ಮಾಡಬಹುದು. ಸಂಮಿಶ್ರ ಸಂಖ್ಯೆಗಳಲ್ಲಿ ಪ್ರತಿ ಬಹುಪದಕ್ಕೂ ಒಂದು ಮೂಲ ಇದ್ದೇ ಇರುತ್ತದೆ, ಹಾಗಾಗಿ ಪ್ರತಿ ಮಾತೃಕೆಗೂ ಒಂದಾದರೂ ಐಗನ್ ಸದಿಶ ಇರುತ್ತದೆ. ಅದನ್ನು ಮೊದಲ ಅಕ್ಷವಾಗಿ ಇಟ್ಟುಕೊಂಡು ಉಳಿದ ಅಕ್ಷಗಳನ್ನು ಅದಕ್ಕೆ ಲಂಬವಾಗಿ ಆರಿಸಿಕೊಳ್ಳಿ. ಐಗನ್ ಸದಿಶ ತನ್ನ ದಿಕ್ಕಿನಿಂದ ಕದಲದ ಕಾರಣ ಮೊದಲ ಕಂಬಸಾಲಿನಲ್ಲಿ ಐಗನ್ ಬೆಲೆಯೊಂದು, ಅದರ ಕೆಳಗೆ ಸೊನ್ನೆಗಳು. ಉಳಿದ ಚಿಕ್ಕ ಚೌಕಕ್ಕೆ ಇದನ್ನೇ ಮತ್ತೆ ಮಾಡಿ. ಕೊನೆಗೆ ಸಿಗುವುದು ಈ ಆಕಾರ:

```
T =  t11 t12 t13
     0   t22 t23
     0   0   t33
```

ಎರಡನೆಯ ಹೆಜ್ಜೆಯಲ್ಲಿ ಉದ್ದಗಳ ಮಾತು ಕೆಲಸಕ್ಕೆ ಬರುತ್ತದೆ. A ನಾರ್ಮಲ್ ಆಗಿದ್ದರೆ Tಯೂ ನಾರ್ಮಲ್. ಅಕ್ಷಗಳನ್ನು ಯೂನಿಟರಿಯಾಗಿ ತಿರುಗಿಸಿದಾಗ Aಗೆ ಆಗುವ ಬದಲಾವಣೆಯೇ A*ಗೂ ಆಗುತ್ತದೆ, ಆದ್ದರಿಂದ ಅವೆರಡರ ಹೊಂದಾಣಿಕೆ ಕೆಡುವುದಿಲ್ಲ. (ಅಕ್ಷಗಳನ್ನು ಓರೆಯಾಗಿ ಎಳೆದರೆ ಈ ಭರವಸೆ ಇಲ್ಲ. ಯೂನಿಟರಿ ಎಂಬ ಪದ ಪ್ರಮೇಯದಲ್ಲಿ ಅಲಂಕಾರಕ್ಕೆ ಕೂತಿಲ್ಲ.) ಈಗ Tಯ ಮೊದಲ ಕಂಬಸಾಲನ್ನು ನೋಡಿ: t11 ಒಂದೇ, ಕೆಳಗೆ ಸೊನ್ನೆಗಳು. ಅದರ ಉದ್ದ t11ರ ಉದ್ದವೇ. ಮೊದಲ ಅಡ್ಡಸಾಲಿನಲ್ಲಿ t11ರ ಜೊತೆಗೆ t12, t13 ಕೂಡ ಇವೆ. ನಾರ್ಮಲ್ ಆದದ್ದರಿಂದ ಎರಡರ ಉದ್ದವೂ ಸಮ ಇರಲೇಬೇಕು. ವರ್ಗಗಳ ಮೊತ್ತದಲ್ಲಿ ಋಣಸಂಖ್ಯೆ ಬರುವಂತಿಲ್ಲ, ಒಂದು ಇನ್ನೊಂದನ್ನು ಹೊಡೆದುಹಾಕುವಂತಿಲ್ಲ. ಹಾಗಾಗಿ t12, t13 ಎರಡೂ ಸೊನ್ನೆಯಾಗದೆ ಗತ್ಯಂತರವಿಲ್ಲ. ಇನ್ನು ಎರಡನೆಯ ಕಂಬಸಾಲು: t12 ಈಗಷ್ಟೇ ಸೊನ್ನೆಯಾಯಿತು, ಉಳಿದದ್ದು t22 ಮಾತ್ರ. ಎರಡನೆಯ ಅಡ್ಡಸಾಲಿನಲ್ಲಿ t22 ಮತ್ತು t23. ಅದೇ ತರ್ಕದಿಂದ t23 ಕೂಡ ಸೊನ್ನೆ. ಮಾತೃಕೆ ಎಷ್ಟೇ ದೊಡ್ಡದಿರಲಿ, ಸಾಲಿನಿಂದ ಸಾಲಿಗೆ ಇಳಿಯುತ್ತ ಕರ್ಣದ ಮೇಲ್ಭಾಗ ಪೂರ್ತಿ ಅಳಿಸಿಹೋಗುತ್ತದೆ. ಉಳಿಯುವುದು ಕರ್ಣ ಮಾತ್ರ.

ವಿರುದ್ಧ ದಿಕ್ಕಿನ ವಾದ ಒಂದೇ ಸಾಲಿನದು. ಕರ್ಣ ಮಾತೃಕೆ ತನ್ನ ಕಾಂಜುಗೇಟ್ ಟ್ರಾನ್ಸ್‌ಪೋಸಿನೊಡನೆ ಯಾವ ಕ್ರಮದಲ್ಲೂ ಗುಣಿಸಿಕೊಳ್ಳುತ್ತದೆ, ಯೂನಿಟರಿ ತಿರುವು ಆ ಗುಣವನ್ನು ಕೆಡಿಸುವುದಿಲ್ಲ, ಆದ್ದರಿಂದ ಮೂಲ ಮಾತೃಕೆಯೂ ನಾರ್ಮಲ್. ನನ್ನ ಮಟ್ಟಿಗೆ, ಪದವಿ ತರಗತಿಯ ಗಣಿತದಲ್ಲಿ ಇಷ್ಟು ಕಡಿಮೆ ಬಂಡವಾಳದಿಂದ ಇಷ್ಟು ಪೂರ್ಣವಾದ ಉತ್ತರ ಕೊಡುವ ವಾದ ಇನ್ನೊಂದಿಲ್ಲ.

ಶೂರ್ ಅದೇ ಲೇಖನದಲ್ಲಿ ಒಂದು ಅಳತೆಗೋಲನ್ನೂ ಕೊಟ್ಟಿದ್ದಾನೆ. ಮಾತೃಕೆಯ ಎಲ್ಲ ಸಂಖ್ಯೆಗಳ ವರ್ಗಗಳನ್ನು ಕೂಡಿ. ಐಗನ್ ಬೆಲೆಗಳ ಉದ್ದದ ವರ್ಗಗಳನ್ನೂ ಬೇರೆಯಾಗಿ ಕೂಡಿ. ಎರಡನೆಯ ಮೊತ್ತ ಮೊದಲನೆಯದನ್ನು ಎಂದೂ ಮೀರುವುದಿಲ್ಲ, ಎರಡೂ ಸಮವಾದರೆ ಮಾತೃಕೆ ನಾರ್ಮಲ್, ಸಮವಾಗದಿದ್ದರೆ ಅಲ್ಲ. ನಮ್ಮ ಉಂಗುರದಲ್ಲಿ ಆರು ಕಡೆ 1 ಇದೆ, ಮೊತ್ತ 6. ಐಗನ್ ಬೆಲೆಗಳ ಕಡೆಯಿಂದ 4, 1, 1, ಮೊತ್ತ ಮತ್ತೆ 6. ಎರಡರ ನಡುವೆ ಉಳಿಯುವ ಕೊರತೆ ತ್ರಿಕೋನ ರೂಪದಲ್ಲಿ ಕರ್ಣದ ಮೇಲ್ಭಾಗದಲ್ಲಿ ಅಡಗಿರುವ ಸಂಖ್ಯೆಗಳ ವರ್ಗಮೊತ್ತವೇ ಹೊರತು ಬೇರೇನಲ್ಲ.

ಈಗ ಉಂಗುರವನ್ನು ಕತ್ತರಿಸೋಣ. ಮೂರನೆಯವಳು ಮೊದಲನೆಯವಳಿಂದ ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತಾಳೆ. ಅವಳ ಚೀಟಿ ಇದ್ದ ಹಾಗೇ ಇರುತ್ತದೆ. ದುಂಡಗೆ ಕೂತವರು ಸಾಲಾಗಿ ಕೂತಂತಾಯಿತು. ಮಾತೃಕೆಯ ಕೆಳಗಿನ ಎಡಮೂಲೆಯ 1 ಸೊನ್ನೆಯಾಯಿತು, ಅಷ್ಟೇ. ಆದರೆ ಮೊದಲ ಅಡ್ಡಸಾಲಿನ ಉದ್ದದ ವರ್ಗ 2, ಮೊದಲ ಕಂಬಸಾಲಿನದು 1. ಮೊದಲನೆಯವಳಿಗೆ ಬರುತ್ತಿದೆ, ಅವಳಿಂದ ಯಾರಿಗೂ ಹೋಗುತ್ತಿಲ್ಲ. ನಾರ್ಮಲ್ ಗುಣ ಹೋಯಿತು. ಐಗನ್ ಬೆಲೆ ಈಗ ಒಂದೇ, 1, ಅದೂ ಮೂರು ಸಲ. ಐಗನ್ ಸದಿಶವೂ ಒಂದೇ. ಕರ್ಣರೂಪಕ್ಕೆ ತರುವ ಮಾತೇ ಇಲ್ಲ. ಅಳತೆಗೋಲು ಹಿಡಿದರೆ ಸಂಖ್ಯೆಗಳ ಮೊತ್ತ 5, ಐಗನ್ ಬೆಲೆಗಳ ಮೊತ್ತ 3.

ಐಗನ್ ಬೆಲೆ 1 ಎಂದರೆ ಏನೂ ಬೆಳೆಯಬಾರದು ಅನಿಸುತ್ತದೆ. 0, 0, 1ರಿಂದ ಆಡಿ ನೋಡಿ. 0, 1, 1; ಆಮೇಲೆ 1, 2, 1; 3, 3, 1; 6, 4, 1; ಐದನೆಯ ಸುತ್ತಿಗೆ 10, 5, 1. ಮೊದಲನೆಯವಳ ಸಂಖ್ಯೆ ಏರುತ್ತಲೇ ಇದೆ. ಇದಕ್ಕೆ ಕಡಿವಾಣ ಹಾಕಲು ಪ್ರತಿ ಸುತ್ತಿನ ಕೊನೆಗೆ ಎಲ್ಲರೂ ತಮ್ಮ ಸಂಖ್ಯೆಯ ಹತ್ತನೇ ಒಂದು ಭಾಗ ಬಿಟ್ಟುಕೊಡಲಿ. ಆಗ ಐಗನ್ ಬೆಲೆ 0.9. ಐಗನ್ ಬೆಲೆಯನ್ನಷ್ಟೇ ನೋಡುವವರು ಎಲ್ಲವೂ ಕರಗಿಹೋಗುತ್ತದೆ ಎಂದು ಹೇಳುತ್ತಾರೆ, ಅದು ಕೊನೆಯಲ್ಲಿ ನಿಜವೂ ಹೌದು: ನೂರನೆಯ ಸುತ್ತಿಗೆ ಮೊದಲನೆಯವಳ ಕೈಯಲ್ಲಿ ಸುಮಾರು 0.13 ಉಳಿದಿರುತ್ತದೆ. ಆದರೆ ಹತ್ತನೆಯ ಸುತ್ತಿನಲ್ಲಿ ಅದು 15.7 ಆಗಿತ್ತು, ಇಪ್ಪತ್ತನೆಯದರಲ್ಲಿ 23.1. ಒಂದರಿಂದ ಹೊರಟದ್ದು ಇಳಿಯುವ ಮುನ್ನ ಇಪ್ಪತ್ತಮೂರು ಪಟ್ಟು ಏರಿತ್ತು. ನಾರ್ಮಲ್ ಮಾತೃಕೆಯಲ್ಲಿ ಇದು ಅಸಾಧ್ಯ. ಅಲ್ಲಿ ಅತಿ ದೊಡ್ಡ ಐಗನ್ ಬೆಲೆ 0.9 ಆಗಿದ್ದರೆ ಪ್ರತಿ ಸುತ್ತಿನಲ್ಲೂ ಸದಿಶದ ಉದ್ದ ಕನಿಷ್ಠ ಹತ್ತನೇ ಒಂದು ಭಾಗ ಇಳಿಯಲೇಬೇಕು, ಮೊದಲ ಸುತ್ತಿನಿಂದಲೇ.

ಬೇರೆ ಬೇರೆ ಐಗನ್ ಬೆಲೆಗಳಿದ್ದು ಕರ್ಣರೂಪಕ್ಕೆ ಬರುವ ಮಾತೃಕೆಗಳಲ್ಲೂ ಈ ತೊಂದರೆ ಇರುತ್ತದೆ. ಮೇಲೆ 1, 100, ಕೆಳಗೆ 0, 2 ಇರುವ ಮಾತೃಕೆಯ ಐಗನ್ ಸದಿಶಗಳು 1, 0 ಮತ್ತು 100, 1. ಎರಡೂ ಇವೆ, ಎರಡೂ ಬೇರೆ ಬೇರೆ. ಆದರೆ ಅವುಗಳ ನಡುವಿನ ಕೋನ ಒಂದು ಡಿಗ್ರಿಗಿಂತ ಕಡಿಮೆ, ಸುಮಾರು 0.57. ಇವುಗಳನ್ನು ಬಳಸಿ 0, 1 ಎಂಬ ಪುಟ್ಟ ಸದಿಶವನ್ನು ಬರೆಯಲು 100, 1ರಿಂದ ನೂರು ಪಟ್ಟು 1, 0ಯನ್ನು ಕಳೆಯಬೇಕು. ಎರಡು ದೊಡ್ಡ ರಾಶಿಗಳು ಒಂದನ್ನೊಂದು ಹೊಡೆದುಹಾಕಿ ಚಿಕ್ಕದೊಂದು ಉಳಿದಿದೆ. ಮುಂದೆ ಅವೆರಡೂ ಬೇರೆ ಬೇರೆ ವೇಗದಲ್ಲಿ ಬದಲಾದಾಗ ಆ ಸಮತೋಲ ತಪ್ಪಿ ಅಡಗಿದ್ದ ದೊಡ್ಡ ರಾಶಿ ಹೊರಬರುತ್ತದೆ. ಐಗನ್ ಸದಿಶಗಳು ಲಂಬವಾಗಿದ್ದಾಗ ಹೀಗೆ ಅಡಗಿಕೊಳ್ಳಲು ಜಾಗವೇ ಇಲ್ಲ.

ಕತ್ತರಿಸಿದ ಉಂಗುರದ ಇನ್ನೊಂದು ದೌರ್ಬಲ್ಯ ಲೆಕ್ಕ ಮಾಡುವವರನ್ನು ಹೆಚ್ಚು ಕಾಡುತ್ತದೆ. ಮೂಲೆಯ ಸೊನ್ನೆಯ ಜಾಗದಲ್ಲಿ ಹತ್ತು ಲಕ್ಷದಲ್ಲೊಂದು ಭಾಗದಷ್ಟು ಪುಟ್ಟ ಸಂಖ್ಯೆಯನ್ನು ಇಟ್ಟರೆ ಐಗನ್ ಬೆಲೆಗಳು ಎಷ್ಟು ಸರಿಯಬೇಕು? ಅವು 1ರಿಂದ ನೂರನೇ ಒಂದು ಭಾಗದಷ್ಟು ದೂರ ಹೋಗುತ್ತವೆ, ಏಕೆಂದರೆ ಇಲ್ಲಿ ಲೆಕ್ಕಕ್ಕೆ ಬರುವುದು ಆ ಪುಟ್ಟ ಸಂಖ್ಯೆಯ ಘನಮೂಲ. ಮಾಡಿದ ಬದಲಾವಣೆಗಿಂತ ಹತ್ತು ಸಾವಿರ ಪಟ್ಟು ದೊಡ್ಡ ಪರಿಣಾಮ. ಪೂರ್ತಿ ಉಂಗುರದಲ್ಲಿ ಯಾವುದೇ ಒಂದು ಸಂಖ್ಯೆಯನ್ನು ಅಷ್ಟೇ ಅಲುಗಿಸಿ ನೋಡಿ. ಹೊಸ ಐಗನ್ ಬೆಲೆ ಯಾವುದಾದರೊಂದು ಹಳೆಯ ಬೆಲೆಯಿಂದ ಹತ್ತು ಲಕ್ಷದಲ್ಲೊಂದು ಭಾಗಕ್ಕಿಂತ ಹೆಚ್ಚು ದೂರ ಹೋಗದು. ಅಳತೆಯಲ್ಲಿ ತಪ್ಪಿದ್ದಷ್ಟೇ ಉತ್ತರದಲ್ಲಿ ತಪ್ಪು. ನಾರ್ಮಲ್ ಮಾತೃಕೆಗಳೆಲ್ಲಕ್ಕೂ ಈ ಭರವಸೆ ಇದೆ.

ಇದು ಕಾಗದದ ಮೇಲಿನ ಆಟವಾಗಿ ಮಾತ್ರ ಉಳಿದಿಲ್ಲ. ಆಸ್ಬರ್ನ್ ರೆನಾಲ್ಡ್ಸ್ 1883ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಗಾಜಿನ ಕೊಳವೆಯೊಳಗೆ ಬಣ್ಣದ ಎಳೆ ಹರಿಸಿ, ನಯವಾಗಿ ಹರಿಯುವ ನೀರು ವೇಗ ಹೆಚ್ಚಿದಂತೆ ಹೇಗೆ ಕಲಕಿಹೋಗುತ್ತದೆ ಎಂದು ತೋರಿಸಿದ್ದ. ನಯವಾದ ಹರಿವಿಗೆ ಸಣ್ಣ ಅಲುಗಾಟ ಕೊಟ್ಟು, ಸಮೀಕರಣದ ಐಗನ್ ಬೆಲೆಗಳನ್ನು ನೋಡಿ, ಕಲಕುವಿಕೆ ಯಾವಾಗ ಶುರುವಾಗುತ್ತದೆ ಎಂದು ಹೇಳುವುದು ಆಮೇಲಿನ ವಾಡಿಕೆಯಾಯಿತು. ಆದರೆ ಒಂದಕ್ಕೊಂದು ಸಮಾಂತರವಾಗಿ ಜಾರುವ ಎರಡು ಹಲಗೆಗಳ ನಡುವಿನ ಹರಿವಿನಲ್ಲಿ ಐಗನ್ ಬೆಲೆಗಳು ವೇಗ ಎಷ್ಟೇ ಇದ್ದರೂ ಅಲುಗಾಟ ಅಡಗುತ್ತದೆ ಎನ್ನುತ್ತವೆ, ಪ್ರಯೋಗಶಾಲೆಯಲ್ಲಿ ನೀರು ಕಲಕಿಹೋಗುತ್ತದೆ. ಲಾಯ್ಡ್ ಟ್ರೆಫೆದೆನ್ ಮತ್ತು ಜೊತೆಗಾರರು 1993ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದರ ಕಾರಣ ವಿವರಿಸಿದರು. ಈ ಸಮೀಕರಣದ ಹಿಂದಿರುವ ಕ್ರಿಯೆ ನಾರ್ಮಲ್ ಅಲ್ಲ, ಹಾಗಾಗಿ ಕೊನೆಗೆ ಅಡಗಲೇಬೇಕಾದ ಸಣ್ಣ ಅಲುಗಾಟಗಳು ಅದಕ್ಕೂ ಮುನ್ನ ಲಕ್ಷ ಪಟ್ಟಿನಷ್ಟು ಹಿಗ್ಗಬಲ್ಲವು. ಅಷ್ಟು ಹಿಗ್ಗಿದ ಮೇಲೆ ಅದು ಸಣ್ಣ ಅಲುಗಾಟವಾಗಿ ಉಳಿಯುವುದಿಲ್ಲ. ನಮ್ಮ ಸಾಲಿನ ಆಟದಲ್ಲಿ ಇಪ್ಪತ್ತಮೂರು ಪಟ್ಟು ಕಂಡದ್ದೇ ಅಲ್ಲಿ ಲಕ್ಷವಾಗಿದೆ.

ಯಾವ್ಯಾವ ಮಾತೃಕೆಗಳು ನಾರ್ಮಲ್ ಎಂಬ ಪಟ್ಟಿ ಎಲ್ಲ ಪುಸ್ತಕಗಳಲ್ಲೂ ಇದೆ. ತನ್ನ ಕಾಂಜುಗೇಟ್ ಟ್ರಾನ್ಸ್‌ಪೋಸೇ ತಾನಾದ ಹರ್ಮಿಶಿಯನ್ ಮಾತೃಕೆಗಳು, ವಾಸ್ತವ ಸಂಖ್ಯೆಗಳ ಸಮ್ಮಿತ ಮಾತೃಕೆಗಳು, ಯೂನಿಟರಿಗಳು, ಉಂಗುರದ ಆಟದಂಥ ಚಕ್ರೀಯ ಮಾತೃಕೆಗಳು. ಕ್ವಾಂಟಂ ಭೌತಶಾಸ್ತ್ರ ಬಹುತೇಕ ನಡೆಯುವುದು ಮೊದಲನೆಯ ಮತ್ತು ಮೂರನೆಯ ಗುಂಪಿನಲ್ಲೇ. ಗಮನಿಸಬೇಕಾದ ಸಂಗತಿ, ಎರಡು ನಾರ್ಮಲ್ ಮಾತೃಕೆಗಳನ್ನು ಕೂಡಿದರೆ ನಾರ್ಮಲ್ ಬರಬೇಕೆಂದಿಲ್ಲ. ಯಾವ ಚೌಕ ಮಾತೃಕೆಯನ್ನು ಬೇಕಾದರೂ H + iK ಎಂದು ಬರೆಯಬಹುದು, H ಮತ್ತು K ಎರಡೂ ಹರ್ಮಿಶಿಯನ್ ಆಗಿರುವಂತೆ. H ನಾರ್ಮಲ್, iK ಕೂಡ ನಾರ್ಮಲ್. ಅಂದರೆ ಪ್ರತಿಯೊಂದು ಚೌಕ ಮಾತೃಕೆಯೂ ಎರಡು ನಾರ್ಮಲ್‌ಗಳ ಮೊತ್ತವೇ. ಮೊತ್ತ ನಾರ್ಮಲ್ ಆಗುವುದು HK = KH ಆದಾಗ ಮಾತ್ರ.

ಕಂಪ್ಯೂಟರಿನಲ್ಲಿ ಪರೀಕ್ಷೆ ಮಾಡುವವರಿಗೆ ಪೈಥಾನ್‌ನಲ್ಲಿ ಇಷ್ಟು ಸಾಕು:

```python
import numpy as np
from scipy.linalg import schur

A = np.array([[1,1,0],[0,1,1],[1,0,1]], dtype=float)
B = A.conj().T
print(np.linalg.norm(A @ B - B @ A))
T, U = schur(A, output='complex')
print(np.round(T, 6))
```

ಮೊದಲ ಸಾಲಿನ ಉತ್ತರ ಸೊನ್ನೆ ಬರುತ್ತದೆ. Tಯಲ್ಲಿ ಕರ್ಣ ಬಿಟ್ಟು ಉಳಿದದ್ದೆಲ್ಲ ಸೊನ್ನೆ. ದಶಮಾಂಶಗಳಿರುವ ಮಾತೃಕೆಗಳಲ್ಲಿ ಖಚಿತ ಸೊನ್ನೆಯನ್ನು ಕಾಯಬೇಡಿ, ಮಾತೃಕೆಯ ಗಾತ್ರಕ್ಕೆ ಹೋಲಿಸಿ ಅದು ತೀರಾ ಚಿಕ್ಕದೇ ಎಂದು ನೋಡಿ. `.conj()` ಬಿಟ್ಟು ಬರೀ `.T` ಬರೆದರೆ ಸಂಮಿಶ್ರ ಮಾತೃಕೆಗಳಲ್ಲಿ ತಪ್ಪು ಉತ್ತರ ಬರುತ್ತದೆ. `output='complex'` ಬಿಟ್ಟರೆ ವಾಸ್ತವ ಮಾತೃಕೆಗೆ ಕರ್ಣದ ಮೇಲೆ ಎರಡು-ಎರಡರ ಪುಟ್ಟ ಚೌಕಗಳು ಉಳಿಯುತ್ತವೆ, ಅದನ್ನು ಕಂಡು ಮಾತೃಕೆ ನಾರ್ಮಲ್ ಅಲ್ಲ ಎಂದು ತೀರ್ಮಾನಿಸುವಂತಿಲ್ಲ. `np.linalg.eig` ಕೊಡುವ ಐಗನ್ ಸದಿಶಗಳ ಮೇಲೆ ಪೂರ್ತಿ ಭಾರ ಹಾಕುವುದೂ ಬೇಡ. ಒಂದೇ ಐಗನ್ ಬೆಲೆ ಎರಡು ಸಲ ಬಂದಾಗ ಅದು ಲಂಬವಲ್ಲದ ಜೋಡಿಯನ್ನು ಕೊಡಬಹುದು, ಮಾತೃಕೆ ನಾರ್ಮಲ್ ಆಗಿದ್ದರೂ.

ಸೇತುವೆಯ ಅಲುಗಾಟವಿರಲಿ, ವಿದ್ಯುತ್ ಜಾಲವಿರಲಿ, ಜೀವಿಗಳ ಸಂಖ್ಯೆಯ ಏರಿಳಿತವಿರಲಿ, ಐಗನ್ ಬೆಲೆಗಳ ಪಟ್ಟಿ ಕೊಟ್ಟು ವ್ಯವಸ್ಥೆ ಸ್ಥಿರ ಎಂದು ಬರೆಯುವ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಆ ಪಟ್ಟಿಯ ಪಕ್ಕದಲ್ಲಿ A A* − A* Aದ ಅಳತೆಯನ್ನೂ ಬರೆಯಿರಿ. ಅದು ಸೊನ್ನೆಗೆ ಹತ್ತಿರವಿದ್ದರೆ ನಿಮ್ಮ ಪಟ್ಟಿಯನ್ನು ನಂಬಬಹುದು. ಇಲ್ಲದಿದ್ದರೆ ಮಾತೃಕೆಯ ಘಾತಗಳನ್ನು ಒಂದೊಂದಾಗಿ ಲೆಕ್ಕ ಹಾಕಿ, ಅವು ನಡುವೆ ಎಷ್ಟು ಎತ್ತರಕ್ಕೆ ಏರುತ್ತವೆ ಎಂದು ನೋಡಿದ ಮೇಲೆ ತೀರ್ಮಾನ ಬರೆಯಿರಿ.